ಬಿ1-47 ಎಲ್ಲಿ ಹೋಯಿತು? ಬಿಲ್ಡರ್‌ಗೆ ಬರೆಯುವ ಒಂದು ಕಾಗದ

ಹೊಸ ಫ್ಲ್ಯಾಟ್ ನೋಡಲು ಹೋದವರು ಟೈಲ್ಸ್ ತಟ್ಟಿ ನೋಡುತ್ತಾರೆ, ನಲ್ಲಿ ತಿರುಗಿಸುತ್ತಾರೆ, ಅಡುಗೆಮನೆಯ ಕಟ್ಟೆಯ ಎತ್ತರ ಅಳೆಯುತ್ತಾರೆ. ಬೇಸ್‌ಮೆಂಟಿಗೆ ಇಳಿಯುವುದು ಎಲ್ಲ ಮುಗಿದ ಮೇಲೆ. ಪಾರ್ಕಿಂಗ್ ನಂಬರು ಬಿಲ್ಡರ್ ಕಡೆಯಿಂದ ಬರುವುದೂ ಸಾಮಾನ್ಯವಾಗಿ ಹಾಗೆಯೇ. ಕ್ರಯಪತ್ರಕ್ಕೆ ಇನ್ನೇನು ಕೆಲವು ವಾರ ಇದೆ ಎನ್ನುವಾಗ ಬಾಕಿ ಹಣ, ಸ್ಟಾಂಪ್ ಡ್ಯೂಟಿ, ಮೇಂಟೆನೆನ್ಸ್ ಠೇವಣಿ ಎಲ್ಲವನ್ನೂ ಕೂಡಿಸಿ ಬರೆದ ಈಮೇಲಿನ ಕೊನೆಗೆ ಒಂದು ಸಾಲಾಗಿ ಅದು ಬರುತ್ತದೆ. ಓದುವವರ ಕಣ್ಣು ಅಂಕಿಗಳ ಮೇಲಿರುತ್ತದೆ, ಸಾಲು ತಪ್ಪಿಹೋಗುತ್ತದೆ.

ಒಂದು ಪ್ರಸಂಗ ಕಲ್ಪಿಸಿಕೊಳ್ಳೋಣ. ಬೆಂಗಳೂರಿನ ಸರ್ಜಾಪುರ ರಸ್ತೆಯ ಬದಿಯಲ್ಲಿ ಮೂರು ಟವರುಗಳ ಒಂದು ಯೋಜನೆ. ಬಿ ಟವರಿನ 704ನೇ ಫ್ಲ್ಯಾಟನ್ನು ಒಂದು ದಂಪತಿ 2023ರ ಜೂನ್‌ನಲ್ಲಿ ಅಗ್ರಿಮೆಂಟ್ ಮಾಡಿಸಿಕೊಂಡಿದ್ದಾರೆ. ಅಗ್ರಿಮೆಂಟಿನ 'ಎ' ಶೆಡ್ಯೂಲಿನಲ್ಲಿ ಫ್ಲ್ಯಾಟಿನ ವಿವರದ ಜೊತೆಗೆ ಹೀಗಿದೆ: ಮೊದಲ ಬೇಸ್‌ಮೆಂಟಿನಲ್ಲಿ ಬಿ1-47 ಸಂಖ್ಯೆಯ ಕವರ್ಡ್ ಪಾರ್ಕಿಂಗ್, 148 ಚದರ ಅಡಿ. ಬುಕಿಂಗ್ ವೇಳೆ ಕೊಟ್ಟ ಬ್ರೋಷರಿನಲ್ಲಿ ಬೇಸ್‌ಮೆಂಟಿನ ಚಿತ್ರವಿದೆ. ಕಾರುಗಳು ಒಂದರ ಪಕ್ಕ ಒಂದು ನಿಂತಿವೆ, ಕೆಳಗೆ 'ಪ್ರತಿ ಮನೆಗೂ ಪ್ರತ್ಯೇಕ ಪಾರ್ಕಿಂಗ್' ಎಂದು ಬರೆದಿದೆ. 2026ರ ಫೆಬ್ರವರಿಯಲ್ಲಿ ಬಂದ ಈಮೇಲ್ ಮಾತ್ರ ಅವರಿಗೆ ಎರಡನೇ ಬೇಸ್‌ಮೆಂಟಿನ ಬಿ2-112 ಹಂಚಿಕೆಯಾಗಿದೆ ಎನ್ನುತ್ತದೆ. ಹೋಗಿ ನೋಡಿದರೆ ಅದು ಹಿಂದು-ಮುಂದಿನ ಜಾಗ. ಇವರ ಕಾರು ಗೋಡೆಯ ಕಡೆ. ಮುಂದಿನ ಜಾಗ ಇನ್ನೊಂದು ಮನೆಯವರದು. ಅವರು ಕಾರು ತೆಗೆಯದೆ ಇವರು ಹೊರಬೀಳುವಂತಿಲ್ಲ.

ಬಿಲ್ಡರ್ ಆಫೀಸಿಗೆ ಫೋನ್ ಮಾಡಿದರೆ ಆ ಕಡೆಯ ಹುಡುಗಿ ಬಹಳ ವಿನಯದಿಂದ ಹೇಳುತ್ತಾಳೆ: "ಸರ್, ನಿಮಗೆ ಒಂದು ಕವರ್ಡ್ ಪಾರ್ಕಿಂಗ್ ಅಂತ ಇತ್ತು, ಒಂದು ಕವರ್ಡ್ ಪಾರ್ಕಿಂಗ್ ಕೊಟ್ಟಿದ್ದೀವಲ್ಲ." ಈ ಮಾತಿಗೆ ಫೋನಿನಲ್ಲಿ ಜಗಳವಾಡಿ ಉಪಯೋಗವಿಲ್ಲ. ಅವಳ ಕೈಯಲ್ಲಿ ಏನೂ ಇಲ್ಲ, ಮಾತಿಗೆ ದಾಖಲೆಯೂ ಇಲ್ಲ. ಬೇಕಾದದ್ದು ಒಂದು ಕಾಗದ. ಆದರೆ ಬಹಳಷ್ಟು ಜನ ಬರೆಯುವ ಕಾಗದ ಅಳಲಿನದು: ಎಷ್ಟು ವರ್ಷದ ಉಳಿತಾಯ, ಎಂಥ ನಂಬಿಕೆದ್ರೋಹ, ವಯಸ್ಸಾದ ತಾಯಿಗೆ ಎಷ್ಟು ಕಷ್ಟ. ಅದೆಲ್ಲ ನಿಜವೇ ಇರಬಹುದು. ಬಿಲ್ಡರಿನ ಕಾನೂನು ವಿಭಾಗ ಅದಕ್ಕೆ 'ನಿಮ್ಮ ಭಾವನೆಯನ್ನು ಗೌರವಿಸುತ್ತೇವೆ' ಎಂದು ಎರಡು ಸಾಲು ಉತ್ತರ ಬರೆದು ಮುಗಿಸುತ್ತದೆ. ಉತ್ತರ ಬರೆಯಲು ಕಷ್ಟವಾಗುವುದು ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು, ಇದರಲ್ಲಿ ಹೀಗಿದೆ, ಅದರಲ್ಲಿ ಹಾಗಿದೆ, ಇಂಥ ದಿನದೊಳಗೆ ಸರಿಪಡಿಸಿ ಎನ್ನುವ ಪತ್ರಕ್ಕೆ.

ಪೆನ್ನು ಹಿಡಿಯುವ ಮುಂಚೆ ಅಗ್ರಿಮೆಂಟ್ ತೆಗೆಯಬೇಕು. ರೇರಾ ಎಂದು ನಾವೆಲ್ಲ ಕರೆಯುವ 2016ರ ಕಾಯ್ದೆಯ ಪ್ರಕಾರ ಬಿಲ್ಡರ್ ತನಗೆ ತೋಚಿದಂತೆ ಅಗ್ರಿಮೆಂಟ್ ಬರೆಯುವ ಹಾಗಿಲ್ಲ. ನಿಯಮದಲ್ಲೇ ಒಂದು ಮಾದರಿ ಇದೆ. ಆ ಮಾದರಿಯಲ್ಲಿ ಪಾರ್ಕಿಂಗ್ ಬಗ್ಗೆ ಮೂರು ಖಾಲಿ ಜಾಗ ಬಿಟ್ಟಿದ್ದಾರೆ: ಸಂಖ್ಯೆ ಎಷ್ಟು, ಅಳತೆ ಎಷ್ಟು, ಎಲ್ಲಿದೆ. ಫ್ಲ್ಯಾಟೂ ಅದರ ಪಾರ್ಕಿಂಗೂ ಸೇರಿ ಬಿಡಿಸಲಾಗದ ಒಂದೇ ಘಟಕ ಎನ್ನುವ ಕಲಮೂ ಅದರಲ್ಲಿದೆ. ಮೂರೂ ಜಾಗ ತುಂಬಿದ್ದರೆ ನಿಮ್ಮ ಪತ್ರ ಅರ್ಧ ಗೆದ್ದ ಹಾಗೆ. ಮನೆಯ ನಂಬರನ್ನು 704ರಿಂದ 204 ಮಾಡುವುದು ಹೇಗೆ ಸಾಧ್ಯವಿಲ್ಲವೋ, 47ನ್ನು 112 ಮಾಡುವುದೂ ಒಬ್ಬರೇ ತೀರ್ಮಾನಿಸುವ ಸಂಗತಿಯಲ್ಲ.

ಆದರೆ ವಾಸ್ತವದಲ್ಲಿ ಎಷ್ಟೋ ಅಗ್ರಿಮೆಂಟುಗಳಲ್ಲಿ ಆ ಜಾಗಗಳು ಖಾಲಿಯೇ ಇರುತ್ತವೆ, ಅಥವಾ 'ಒಂದು ಕವರ್ಡ್ ಪಾರ್ಕಿಂಗ್' ಎಂದಷ್ಟೇ ಇರುತ್ತದೆ. ಕೆಲವರು ಇನ್ನೂ ಮುಂದೆ ಹೋಗಿ 'ಸ್ವಾಧೀನ ಕೊಡುವಾಗ ಬಿಲ್ಡರ್ ತನ್ನ ವಿವೇಚನೆಯಂತೆ ಹಂಚುತ್ತಾರೆ' ಎಂಬ ಸಾಲು ಸೇರಿಸಿರುತ್ತಾರೆ. ಆಗ ಪತ್ರದ ಬಲ ಕುಗ್ಗುತ್ತದೆ. ಅದನ್ನು ಮುಂದೆ ನೋಡೋಣ. ಮಹಾರಾಷ್ಟ್ರದ ರೇರಾ ಪ್ರಾಧಿಕಾರ ಈ ಗೊಂದಲಕ್ಕೆ 2024ರಲ್ಲಿ ಒಂದು ಮದ್ದು ಕಂಡುಕೊಂಡಿತು. ಅಲಾಟ್‌ಮೆಂಟ್ ಪತ್ರಕ್ಕೂ ಅಗ್ರಿಮೆಂಟಿಗೂ ಪಾರ್ಕಿಂಗಿನ ನಂಬರು, ಉದ್ದ, ಅಗಲ, ಎತ್ತರ, ಕಟ್ಟಡದಲ್ಲಿ ಅದು ಇರುವ ಜಾಗ ಎಲ್ಲವನ್ನೂ ತೋರಿಸುವ ಅನುಬಂಧ ಕಡ್ಡಾಯವಾಗಿ ಲಗತ್ತಿಸಬೇಕು ಎಂದು ಆದೇಶಿಸಿತು. ಕಂಬ ಅಡ್ಡ ಬರುತ್ತದೆ, ತೊಲೆ ತಲೆಗೆ ತಾಗುತ್ತದೆ ಎಂಬ ದೂರುಗಳು ಬಂದು ಬಂದು ಹುಟ್ಟಿದ ಆದೇಶ ಅದು. ಕರ್ನಾಟಕದಲ್ಲಿ ಈಗ ಅಗ್ರಿಮೆಂಟ್ ಮಾಡಿಸಿಕೊಳ್ಳುತ್ತಿರುವವರು ಅಂಥದೇ ಒಂದು ಹಾಳೆ ಕೇಳಿ ಸೇರಿಸಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಎರಡನೆಯ ಕಾಗದ ಮಂಜೂರಾದ ನಕ್ಷೆ. ಬಿಡಿಎ ಅಥವಾ ಪಾಲಿಕೆ ಒಪ್ಪಿದ ಈ ನಕ್ಷೆಯಲ್ಲಿ ಪ್ರತಿ ಬೇಸ್‌ಮೆಂಟಿನ ಹಾಳೆಯೂ ಬೇರೆ ಇರುತ್ತದೆ. ರೇರಾ ನೋಂದಣಿಯಾದ ಯೋಜನೆಯಾದರೆ rera.karnataka.gov.in ನಲ್ಲಿ ಯೋಜನೆಯ ಹೆಸರು ಅಥವಾ PRM/KA/RERA ಎಂದು ಶುರುವಾಗುವ ನೋಂದಣಿ ಸಂಖ್ಯೆ ಕೊಟ್ಟು ಹುಡುಕಿ, ಬಿಲ್ಡರ್ ಅಲ್ಲಿ ಹಾಕಿರುವ ನಕ್ಷೆ ತೆಗೆಯಬಹುದು. ನೋಡಬೇಕಾದ್ದು ಮುಖ್ಯವಾಗಿ ಎರಡು. ಬಿ1-47 ಇರಬೇಕಾದ ಕಡೆ ನಕ್ಷೆಯಲ್ಲಿ ಕಾರಿನ ಜಾಗವೇ ಇದೆಯೇ? ಈಗ ಕೊಟ್ಟಿರುವ ಬಿ2-112 ನಕ್ಷೆಯಲ್ಲಿ ಇದೆಯೇ, ಇಲ್ಲವೇ ಓಡಾಡುವ ದಾರಿಯನ್ನೋ ಪಂಪಿನ ಕೋಣೆಯ ಮುಂಭಾಗವನ್ನೋ ಬಣ್ಣ ಬಳಿದು ಜಾಗ ಮಾಡಿದ್ದಾರೆಯೇ? ಎರಡನೆಯದಾದರೆ ಅದು ನಿಮ್ಮೊಬ್ಬರ ವ್ಯಾಜ್ಯವಾಗಿ ಉಳಿಯುವುದಿಲ್ಲ. ಮಂಜೂರಾದ ನಕ್ಷೆ ಮತ್ತು ಸಾಮಾನ್ಯ ಜಾಗಗಳಲ್ಲಿ ಬದಲಾವಣೆ ಮಾಡಲು, ಬಿಲ್ಡರನ್ನು ಬಿಟ್ಟು ಉಳಿದ ಖರೀದಿದಾರರಲ್ಲಿ ಕನಿಷ್ಠ ಮೂರನೇ ಎರಡು ಭಾಗದವರ ಲಿಖಿತ ಒಪ್ಪಿಗೆ ಮೊದಲೇ ಬೇಕು ಎನ್ನುತ್ತದೆ ಕಾಯ್ದೆಯ 14ನೇ ಸೆಕ್ಷನ್.

ನಂಬರುಗಳು ಏಕೆ ಪಲ್ಲಟವಾಗುತ್ತವೆ ಎಂಬುದೂ ಗೊತ್ತಿದ್ದರೆ ಒಳ್ಳೆಯದು. ಎಲ್ಲವೂ ಮೋಸವಲ್ಲ. ಅಗ್ರಿಮೆಂಟ್ ಆದ ಮೇಲೆ ಅಗ್ನಿಶಾಮಕ ನೀರಿನ ಟ್ಯಾಂಕು, ಜನರೇಟರ್, ಗಾಳಿ ಹೊರಹಾಕುವ ದೊಡ್ಡ ಕೊಳವೆಗಳು ಬೇಸ್‌ಮೆಂಟಿನ ಜಾಗ ತಿನ್ನುತ್ತವೆ. ಜಂಟಿ ಅಭಿವೃದ್ಧಿಯ ಯೋಜನೆಯಲ್ಲಿ ಜಮೀನಿನ ಮಾಲೀಕರಿಗೂ ಪಾಲಿರುತ್ತದೆ. ಅವರ ಪಾಲಿನ ಪಾರ್ಕಿಂಗ್ ಯಾವುದೆಂಬುದು ತಡವಾಗಿ ಗೊತ್ತಾಗಿ, ಲಿಫ್ಟಿನ ಹತ್ತಿರದ ಸಾಲು ಅವರಿಗೆ ಹೋಗಿರುತ್ತದೆ. ಇನ್ನು ಕೆಲವು ಕಡೆ ಕಾರಣ ಸರಳ: ಮೊದಲು ಕೊಂಡವರ ಒಳ್ಳೆಯ ಜಾಗವನ್ನು ಕೊನೆಗೆ ಹೆಚ್ಚು ದುಡ್ಡು ಕೊಟ್ಟವರಿಗೆ, ಎರಡನೇ ಪಾರ್ಕಿಂಗ್ ಕೇಳಿದವರಿಗೆ ಕೊಟ್ಟಿರುತ್ತಾರೆ. ಯಾವ ಕಾರಣ ಎಂಬುದನ್ನು ಪತ್ರದಲ್ಲಿ ನೀವು ಊಹಿಸಬಾರದು. ಕಾರಣ ತಿಳಿಸಿ ಎಂದು ಅವರನ್ನೇ ಕೇಳಬೇಕು. ಲಿಖಿತವಾಗಿ ಬಂದ ಕಾರಣ ಮುಂದೆ ಪ್ರಾಧಿಕಾರದ ಎದುರು ನಿಮಗೇ ಆಧಾರ.

ಮೂರನೆಯದು ನಿಮ್ಮದೇ ಅಳತೆ. ಟೇಪು ಹಿಡಿದು ಬೇಸ್‌ಮೆಂಟಿಗೆ ಇಳಿಯಿರಿ. ಬಣ್ಣದ ಗೆರೆಯಿಂದ ಗೆರೆಗೆ ಅಳೆದರೆ ಸಾಲದು. ಕಂಬ ಇದ್ದ ಕಡೆ ಕಂಬದ ಮೈಯಿಂದ ಅಳೆಯಬೇಕು, ಏಕೆಂದರೆ ಗೆರೆ ಎಷ್ಟೋ ಸಲ ಕಂಬದ ನಡುಮಧ್ಯಕ್ಕೆ ಹೋಗಿ ನಿಲ್ಲುತ್ತದೆ. ನಮ್ಮ ಪ್ರಸಂಗದಲ್ಲಿ 148 ಚದರ ಅಡಿ ಎಂದರೆ ಎರಡೂವರೆ ಮೀಟರ್ ಅಗಲ, ಐದೂವರೆ ಮೀಟರ್ ಉದ್ದ. ಬಿ2-112 ಅಳೆದಾಗ ಸಿಕ್ಕಿದ್ದು 2.3 ಮೀಟರ್ ಅಗಲ, 5 ಮೀಟರ್ ಉದ್ದ. ಸುಮಾರು 124 ಚದರ ಅಡಿ. ಇಪ್ಪತ್ತು ಸೆಂಟಿಮೀಟರ್ ಯಾವ ಲೆಕ್ಕ ಎನ್ನಿಸಬಹುದು. ಈಗಿನ ಸಾಧಾರಣ ಎಸ್‌ಯುವಿ 1.8 ಮೀಟರ್ ಅಗಲ ಇರುತ್ತದೆ. ಎರಡೂವರೆ ಮೀಟರಿನಲ್ಲಿ ಒಂದು ಬದಿಗೆ ಒತ್ತಿ ನಿಲ್ಲಿಸಿದರೆ ಡ್ರೈವರ್ ಬದಿಗೆ ಎಪ್ಪತ್ತು ಸೆಂಟಿಮೀಟರ್ ಸಿಕ್ಕುತ್ತದೆ, ಇಳಿಯಬಹುದು. 2.3 ಮೀಟರಿನಲ್ಲಿ ಅದೇ ರೀತಿ ನಿಲ್ಲಿಸಿದರೆ ಉಳಿಯುವುದು ಐವತ್ತು. ಬಾಗಿಲು ಕಂಬಕ್ಕೆ ತಾಗುತ್ತದೆ, ಹೊಟ್ಟೆ ಎಳೆದುಕೊಂಡು ಇಳಿಯಬೇಕು. ಮೇಲಿನ ಕೊಳವೆಗಳವರೆಗಿನ ಎತ್ತರವನ್ನೂ ಬರೆದುಕೊಳ್ಳಿ. ಟೇಪಿನ ಅಂಕಿ ಕಾಣುವಂತೆ, ನೆಲದ ಮೇಲಿನ ನಂಬರೂ ಒಟ್ಟಿಗೆ ಬರುವಂತೆ ಫೋಟೊ ತೆಗೆಯಿರಿ.

ಇನ್ನು ಬ್ರೋಷರು. ಜನ ಮೊದಲು ಎತ್ತಿ ತೋರಿಸುವುದು ಇದನ್ನೇ, ಆದರೆ ಎಲ್ಲದರಲ್ಲಿ ದುರ್ಬಲವಾದದ್ದೂ ಇದೇ. ಅದರ ಕೊನೆಯ ಪುಟದಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ 'ಕಲಾವಿದರ ಕಲ್ಪನೆ, ಬದಲಾಗಬಹುದು' ಎಂದಿರುತ್ತದೆ. ಅಗ್ರಿಮೆಂಟಿನಲ್ಲೂ 'ಈ ಕರಾರೇ ಅಂತಿಮ, ಹಿಂದಿನ ಎಲ್ಲ ಮಾತು, ಪತ್ರಗಳು ರದ್ದು' ಎಂಬ ಕಲಮು ಇರುತ್ತದೆ. ಹಾಗೆಂದು ಬ್ರೋಷರನ್ನು ರದ್ದಿಗೆ ಹಾಕಬೇಕಿಲ್ಲ. ಜಾಹೀರಾತಿನಲ್ಲಿ, ವಿವರಣಾ ಪುಸ್ತಿಕೆಯಲ್ಲಿ ಇದ್ದದ್ದನ್ನು ನಂಬಿ ಹಣ ಕೊಟ್ಟವರಿಗೆ, ಅದು ಸುಳ್ಳಾಗಿ ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು ಎಂದು ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. ಮಾರಾಟಕ್ಕೆ ಕರೆಯುವ ಯಾವುದೇ ಸುತ್ತೋಲೆ, ದಾಖಲೆ ಆ ವ್ಯಾಖ್ಯೆಯೊಳಗೆ ಬರುತ್ತದೆ. ಕರಾರಿನ ಕಲಮು ಕಾಯ್ದೆಯನ್ನು ಅಳಿಸಲಾರದು. ಆದರೆ ನಂಬಿ ಹಣ ಕೊಟ್ಟೆ ಎಂಬುದನ್ನು ತೋರಿಸುವ ಹೊಣೆ ನಿಮ್ಮದು. ಬ್ರೋಷರ್ ಬಂದ ಈಮೇಲಿನ ತಾರೀಖು ಬುಕಿಂಗ್ ತಾರೀಖಿಗಿಂತ ಹಿಂದಿನದೇ ಎಂದು ನೋಡಿಕೊಳ್ಳಿ. ಸೇಲ್ಸ್ ಹುಡುಗ ವಾಟ್ಸಾಪಿನಲ್ಲಿ ಬೇಸ್‌ಮೆಂಟ್ ಚಿತ್ರ ಕಳಿಸಿದ್ದರೆ ಅದನ್ನು ಅಳಿಸದೆ ಇಟ್ಟುಕೊಳ್ಳಿ. ಪತ್ರದಲ್ಲಿ ಬ್ರೋಷರ್ ಅಗ್ರಿಮೆಂಟಿನ ಹಿಂದೆ ನಿಲ್ಲಬೇಕು, ಮುಂದಲ್ಲ.

ಪತ್ರ ಬರೆಯುವಾಗ ಎಡವುವ ಇನ್ನೊಂದು ಜಾಗವಿದೆ. 'ನಾನು ಆ ಪಾರ್ಕಿಂಗನ್ನು ಕೊಂಡುಕೊಂಡಿದ್ದೇನೆ, ಅದು ನನ್ನ ಸ್ವತ್ತು' ಎಂದು ಬರೆಯಬೇಡಿ. ಕಾನೂನು ಅಷ್ಟು ಸರಳವಾಗಿಲ್ಲ. ಮುಂಬಯಿಯ ಪಂಚಾಲಿ ಸಹಕಾರಿ ಗೃಹ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ, ಕಂಬಗಳ ಮೇಲೆ ನಿಂತ ಕಟ್ಟಡದಡಿಯ ಸ್ಟಿಲ್ಟ್ ಪಾರ್ಕಿಂಗನ್ನು ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ ಎಂದಿತು. ಅದು ಮಹಾರಾಷ್ಟ್ರದ ಕಾಯ್ದೆಯ ಮೇಲಿನ ತೀರ್ಪು. ಆಮೇಲೆ ಬಂದ ರೇರಾ, ಮೇಲೆ ಚಾವಣಿ ಮತ್ತು ಮೂರು ಕಡೆ ಗೋಡೆ ಇರುವ ಜಾಗವನ್ನು ಮಾತ್ರ ಗ್ಯಾರೇಜ್ ಎಂದು ಕರೆದು, ತೆರೆದ ಪಾರ್ಕಿಂಗನ್ನು ಎಲ್ಲರಿಗೂ ಸೇರಿದ ಜಾಗಗಳ ಪಟ್ಟಿಗೆ ಹಾಕಿತು. ನಮ್ಮ ರಾಜ್ಯದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯೂ, ಡಿಕ್ಲರೇಷನ್ ಪತ್ರದಲ್ಲಿ ಬೇರೆ ರೀತಿ ಹೇಳದಿದ್ದರೆ ಪಾರ್ಕಿಂಗ್ ಜಾಗ ಸಾಮಾನ್ಯ ಸ್ವತ್ತು ಎನ್ನುತ್ತದೆ. ಇಂಥ ಮನೆಗೆ ಇಂಥ ಜಾಗ ಮೀಸಲು ಎಂದು ಅದೇ ಪತ್ರದಲ್ಲಿ ತೋರಿಸಲು ಅವಕಾಶ ಕೊಡುತ್ತದೆ. ಹೀಗಾಗಿ ನೀವು ಕೇಳಬೇಕಾದ್ದು ಒಡೆತನವನ್ನಲ್ಲ. ಆ ಜಾಗ ನಿಮ್ಮ ಫ್ಲ್ಯಾಟಿನ ಬಳಕೆಗೆ ಮಾತ್ರ ಮೀಸಲಾಗಿರಬೇಕು, ಅದೇ ನಂಬರು ಕ್ರಯಪತ್ರದಲ್ಲೂ ಡಿಕ್ಲರೇಷನ್ ಪತ್ರದಲ್ಲೂ ಬರಬೇಕು ಎಂಬುದನ್ನು. 'ಸ್ವತ್ತು' ಎಂದು ಬರೆದರೆ ಬಿಲ್ಡರಿನ ವಕೀಲರು ಉಳಿದೆಲ್ಲ ಬಿಟ್ಟು ಆ ಒಂದು ಪದವನ್ನೇ ಹಿಡಿದು ಜಗ್ಗುತ್ತಾರೆ.

ಹಣದ ವಿಷಯದಲ್ಲೂ ಒಂದು ಎಚ್ಚರ ಬೇಕು. ಸಿಟ್ಟಿನಲ್ಲಿ ಕೊನೆಯ ಕಂತು ತಡೆಹಿಡಿಯುವವರು ಇದ್ದಾರೆ. ಅಗ್ರಿಮೆಂಟಿನ ಪ್ರಕಾರ ಕಂತು ತಪ್ಪಿಸಿದರೆ ಬಡ್ಡಿ ಬೀಳುತ್ತದೆ, ತಪ್ಪು ನಿಮ್ಮ ಕಡೆ ತಿರುಗುತ್ತದೆ. ಓಸಿ ಬಂದ ಎರಡು ತಿಂಗಳಲ್ಲಿ ಸ್ವಾಧೀನ ತೆಗೆದುಕೊಳ್ಳಬೇಕಾದ ಬಾಧ್ಯತೆಯೂ ರೇರಾದಲ್ಲಿ ಖರೀದಿದಾರರ ಮೇಲಿದೆ. ಆದ್ದರಿಂದ ಹಣ ಕೊಡಲು, ಮನೆ ತೆಗೆದುಕೊಳ್ಳಲು ಸಿದ್ಧ, ತಕರಾರು ಪಾರ್ಕಿಂಗ್ ಒಂದರದೇ ಎಂದು ಪತ್ರದಲ್ಲಿ ಸ್ಪಷ್ಟವಾಗಿರಬೇಕು.

ಇಷ್ಟೆಲ್ಲ ಇಟ್ಟುಕೊಂಡರೆ ಪತ್ರ ಒಂದು ಪುಟ ದಾಟುವುದಿಲ್ಲ. ಬೆಂಗಳೂರಿನ ಬಿಲ್ಡರ್ ಆಫೀಸುಗಳಲ್ಲಿ ಇಂಗ್ಲಿಷ್ ಪತ್ರವೇ ರೂಢಿ. ಕನ್ನಡದಲ್ಲಿ ಬರೆದರೂ ಬೆಲೆ ಕಡಿಮೆಯಾಗುವುದಿಲ್ಲ. ನಮ್ಮ ದಂಪತಿಯ ಪತ್ರ ಹೀಗಿರಬಹುದು:

ದಿನಾಂಕ: 09-02-2026

ವಿಷಯ: ಬಿ ಟವರ್, ಫ್ಲ್ಯಾಟ್ 704, ಅಗ್ರಿಮೆಂಟಿನಲ್ಲಿರುವ ಬಿ1-47 ಪಾರ್ಕಿಂಗ್ ಬದಲು ಬಿ2-112 ಹಂಚಿರುವುದಕ್ಕೆ ಆಕ್ಷೇಪಣೆ.

ಮಾನ್ಯರೇ,

ಮೇಲಿನ ಫ್ಲ್ಯಾಟಿಗಾಗಿ ನಾವು ತಮ್ಮೊಂದಿಗೆ 12-06-2023ರಂದು ನೋಂದಾಯಿತ ಮಾರಾಟ ಕರಾರು ಮಾಡಿಕೊಂಡಿದ್ದೇವೆ. ಅದರ 'ಎ' ಶೆಡ್ಯೂಲಿನ ಪ್ರಕಾರ ಮೊದಲ ಬೇಸ್‌ಮೆಂಟಿನ ಬಿ1-47 ಸಂಖ್ಯೆಯ, 148 ಚದರ ಅಡಿಯ ಕವರ್ಡ್ ಪಾರ್ಕಿಂಗ್ ನಮ್ಮ ಫ್ಲ್ಯಾಟಿನ ಬಳಕೆಗೆ ಮೀಸಲಾಗಿದೆ (ಲಗತ್ತು 1).

03-02-2026ರ ಈಮೇಲಿನಲ್ಲಿ ತಾವು ನಮಗೆ ಎರಡನೇ ಬೇಸ್‌ಮೆಂಟಿನ ಬಿ2-112 ಹಂಚಿರುವುದಾಗಿ ತಿಳಿಸಿದ್ದೀರಿ (ಲಗತ್ತು 2). 07-02-2026ರಂದು ಸ್ಥಳದಲ್ಲಿ ಅಳೆದಾಗ ಅದು ಕಂಬದ ಮೈಯಿಂದ 2.3 ಮೀಟರ್ ಅಗಲ, 5 ಮೀಟರ್ ಉದ್ದ ಇದೆ. ಅದರ ಮುಂದೆ ಬೇರೆ ಫ್ಲ್ಯಾಟಿನ ಪಾರ್ಕಿಂಗ್ ಇದ್ದು, ಆ ವಾಹನ ತೆಗೆಯದೆ ನಮ್ಮದು ಹೊರಬರುವುದಿಲ್ಲ (ಫೋಟೊಗಳು, ಲಗತ್ತು 3). ಈ ಬದಲಾವಣೆಗೆ ನಮ್ಮ ಒಪ್ಪಿಗೆ ಕೇಳಿಲ್ಲ, ನಾವು ಕೊಟ್ಟೂ ಇಲ್ಲ. ಬುಕಿಂಗಿಗೆ ಮುಂಚೆ ತಾವು ಕಳಿಸಿದ ಬ್ರೋಷರಿನಲ್ಲಿಯೂ ಪ್ರತಿ ಮನೆಗೂ ಪ್ರತ್ಯೇಕ ಪಾರ್ಕಿಂಗ್ ಎಂದಿದೆ (ಲಗತ್ತು 4).

ಆದ್ದರಿಂದ ಬಿ2-112ರ ಹಂಚಿಕೆ ರದ್ದುಪಡಿಸಿ ಬಿ1-47ನ್ನು ನಮ್ಮ ಹೆಸರಿಗೆ ದೃಢಪಡಿಸಿ, ಕ್ರಯಪತ್ರದ ಶೆಡ್ಯೂಲಿನಲ್ಲೂ ಡಿಕ್ಲರೇಷನ್ ಪತ್ರದಲ್ಲೂ ಅದೇ ಸಂಖ್ಯೆ ನಮೂದಿಸಬೇಕೆಂದು ಕೋರುತ್ತೇವೆ. ಅದು ಸಾಧ್ಯವಿಲ್ಲವೆಂದಾದರೆ ಕಾರಣವನ್ನು ಲಿಖಿತವಾಗಿ ತಿಳಿಸಿ, ಮೊದಲ ಬೇಸ್‌ಮೆಂಟಿನಲ್ಲೇ 148 ಚದರ ಅಡಿಗೆ ಕಡಿಮೆಯಿಲ್ಲದ, ಬೇರೆ ವಾಹನ ಅಡ್ಡ ಬಾರದ ಇನ್ನೊಂದು ಜಾಗವನ್ನು ನಕ್ಷೆಯೊಡನೆ ಸೂಚಿಸಬೇಕು.

ಈ ವಿಷಯ ತೀರ್ಮಾನವಾಗುವವರೆಗೆ ಬಿ1-47ನ್ನು ಬೇರೆ ಯಾರಿಗೂ ಹಂಚಬಾರದು, ಕ್ರಯಪತ್ರ ಮಾಡಿಕೊಡಬಾರದು. ಈಗಾಗಲೇ ಹಂಚಿದ್ದರೆ ಯಾವ ದಿನಾಂಕದಂದು ಎಂದು ತಿಳಿಸಬೇಕು.

ಬಾಕಿ ಹಣ ಪಾವತಿಸಿ ಫ್ಲ್ಯಾಟಿನ ಸ್ವಾಧೀನ ಪಡೆಯಲು ನಾವು ಸಿದ್ಧರಿದ್ದೇವೆ. ನಮ್ಮ ಆಕ್ಷೇಪಣೆ ಪಾರ್ಕಿಂಗಿಗೆ ಮಾತ್ರ ಸಂಬಂಧಿಸಿದ್ದು. 24-02-2026ರೊಳಗೆ ಲಿಖಿತ ಉತ್ತರ ಬಾರದಿದ್ದರೆ ರೇರಾ ಕಾಯ್ದೆಯಡಿ ದೂರು ಸಲ್ಲಿಸುವ ನಮ್ಮ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇವೆ.

ಇಂತಿ,
(ಇಬ್ಬರ ಸಹಿ)

ಇದರಲ್ಲಿ ಬೈಗುಳವಿಲ್ಲ, ಕಾನೂನಿನ ಸೆಕ್ಷನ್ನುಗಳ ಸರಮಾಲೆಯೂ ಇಲ್ಲ. ಸೆಕ್ಷನ್ ಹೇಳುವ ಕೆಲಸ ದೂರಿನಲ್ಲಿ ಮಾಡಿದರೆ ಸಾಕು. ಗಮನಿಸಬೇಕಾದದ್ದು ನಡುವಿನ ಒಂದು ಸಾಲು: ಬಿ1-47ನ್ನು ಬೇರೆ ಯಾರಿಗೂ ಕೊಡಬೇಡಿ ಎಂಬುದು. ಬೇರೆಯವರ ಕ್ರಯಪತ್ರದಲ್ಲಿ ಆ ನಂಬರು ಒಮ್ಮೆ ನೋಂದಣಿಯಾದರೆ, ಅವರೂ ಹಣ ಕೊಟ್ಟ ಅಮಾಯಕರೇ ಆಗಿದ್ದರೆ, ಜಾಗವನ್ನು ಹಿಂದಕ್ಕೆ ತರಿಸುವುದು ಬಹಳ ಕಷ್ಟ. ಆಮೇಲೆ ಸಿಕ್ಕುವುದು ಹೆಚ್ಚೆಂದರೆ ಪರಿಹಾರದ ಹಣ. ಅದಕ್ಕೇ ಇಂಥ ಪತ್ರಕ್ಕೆ ವಾರಗಟ್ಟಲೆ ಯೋಚನೆ ಸಲ್ಲದು. ಈಮೇಲ್ ಬಂದ ವಾರದಲ್ಲೇ ಹೋಗಬೇಕು.

ಎಲ್ಲಿಗೆ, ಹೇಗೆ ಕಳಿಸಬೇಕು ಎಂಬುದು ಅಗ್ರಿಮೆಂಟಿನ ನೋಟಿಸ್ ಕಲಮಿನಲ್ಲೇ ಇರುತ್ತದೆ. ಮಾದರಿ ಅಗ್ರಿಮೆಂಟಿನಲ್ಲಿ ಅದು ನೋಂದಾಯಿತ ಅಂಚೆ. ಅಂಚೆ ಇಲಾಖೆ 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದೆ, ಹಾಗಾಗಿ ಈಗ ಸ್ಪೀಡ್ ಪೋಸ್ಟಿಗೆ 'ನೋಂದಣಿ' ಸೌಲಭ್ಯವನ್ನು ಕೇಳಿ ಹಾಕಿಸಬೇಕು. ಪತ್ರ ಹೋಗಬೇಕಾದ್ದು ಕಂಪನಿಯ ಅಗ್ರಿಮೆಂಟ್ ವಿಳಾಸಕ್ಕೆ, ಸೈಟಿನಲ್ಲಿರುವ ಸೇಲ್ಸ್ ಆಫೀಸಿಗಲ್ಲ. ಅದೇ ದಿನ ಸ್ಕ್ಯಾನ್ ಪ್ರತಿಯನ್ನು ಈಮೇಲಿನಲ್ಲೂ ಹಾಕಿ. ಮನೆಸಾಲ ಇದ್ದರೆ ಬ್ಯಾಂಕಿಗೊಂದು ಪ್ರತಿ ಕಳಿಸುವುದೂ ಒಳ್ಳೆಯದು, ಏಕೆಂದರೆ ಬ್ಯಾಂಕ್ ಅಡಮಾನ ಹಿಡಿದಿರುವುದು ಅದೇ ಶೆಡ್ಯೂಲನ್ನು.

ಉತ್ತರ ಬಂದೇ ಬರುತ್ತದೆ ಎಂದು ಹೇಳಲಾಗದು. ಬಂದರೆ ಸಾಮಾನ್ಯವಾಗಿ ಬರುವುದು 'ನಕ್ಷೆ ಪರಿಷ್ಕರಣೆಯಾಗಿದೆ' ಎಂಬ ಉತ್ತರ. ಅದಕ್ಕೆ ಎರಡನೇ ಪತ್ರ ಇನ್ನೂ ಚಿಕ್ಕದು: ಪರಿಷ್ಕೃತ ನಕ್ಷೆಯ ಮಂಜೂರಾತಿ ಸಂಖ್ಯೆ, ದಿನಾಂಕ ತಿಳಿಸಿ, ಅದಕ್ಕೆ ಖರೀದಿದಾರರ ಒಪ್ಪಿಗೆ ಪಡೆದ ದಾಖಲೆ ಕೊಡಿ. ಮಂಜೂರಾದ ನಕ್ಷೆಯ ಮಾಹಿತಿ ಪಡೆಯುವುದು ಕಾಯ್ದೆಯ 19ನೇ ಸೆಕ್ಷನ್ ಕೊಟ್ಟಿರುವ ಹಕ್ಕು. ನಿಜವಾಗಿಯೂ ಟ್ಯಾಂಕೋ ಜನರೇಟರೋ ಆ ಜಾಗ ತೆಗೆದುಕೊಂಡಿದ್ದರೆ ಬಿ1-47ಕ್ಕೆ ಪಟ್ಟು ಹಿಡಿಯುವುದರಲ್ಲಿ ಅರ್ಥವಿಲ್ಲ. ಆಗ ಪತ್ರದ ಎರಡನೇ ಬೇಡಿಕೆ, ಅಂದರೆ ಅಷ್ಟೇ ಅಳತೆಯ ಸ್ವತಂತ್ರ ಜಾಗ, ಕೈ ಹಿಡಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ರಾಜಿ ಆಗುವುದು ಇಲ್ಲಿಯೇ. ಮಾರಾಟವಾಗದೆ ಉಳಿದ ಫ್ಲ್ಯಾಟುಗಳ ಪಾಲಿಗೆ ಬಿಲ್ಡರ್ ಕೆಲವು ಒಳ್ಳೆಯ ಜಾಗಗಳನ್ನು ಕೈಯಲ್ಲಿ ಇಟ್ಟುಕೊಂಡಿರುವುದುಂಟು.

ಅಗ್ರಿಮೆಂಟಿನಲ್ಲಿ ನಂಬರೇ ಇಲ್ಲದವರ ಸ್ಥಿತಿ ಬೇರೆ. ಅವರು ಬಿ1-47 ಬೇಕು ಎಂದು ಕೇಳುವಂತಿಲ್ಲ. ಅವರ ಪತ್ರ ನಿಲ್ಲಬೇಕಾದದ್ದು ಬ್ರೋಷರಿನ ಮೇಲೆ, ಅಳತೆಯ ಮೇಲೆ, ಮಂಜೂರಾದ ನಕ್ಷೆಯ ಮೇಲೆ. ಪ್ರತ್ಯೇಕ ಪಾರ್ಕಿಂಗ್ ಎಂದು ಹೇಳಿ ಹಿಂದು-ಮುಂದಿನದು ಕೊಟ್ಟರು ಎಂಬುದು ಗಟ್ಟಿ ವಾದ. ಲಿಫ್ಟಿನಿಂದ ದೂರವಾಯಿತು ಎಂಬುದು ಗಟ್ಟಿಯಲ್ಲ. ಮೊದಲ ಬೇಸ್‌ಮೆಂಟ್ ಸಿಗಲಿಲ್ಲ ಎಂಬ ದೂರು, ಅದನ್ನು ಯಾರೂ ಬರೆದುಕೊಟ್ಟಿಲ್ಲದಿದ್ದರೆ, ಬಹುಶಃ ನಿಲ್ಲುವುದಿಲ್ಲ. ಸುಳ್ಳು ಭರವಸೆ ಇಟ್ಟುಕೊಂಡು ವಕೀಲರ ಫೀಸು ಕಟ್ಟುವ ಮೊದಲು ಇದನ್ನು ಒಪ್ಪಿಕೊಳ್ಳುವುದು ಲೇಸು.

ಗಡುವು ಮುಗಿದರೂ ಉತ್ತರವಿಲ್ಲದಿದ್ದರೆ ದೂರು. ಇಲ್ಲಿ ಜನ ಎರಡು ಕೋರಿಕೆಗಳನ್ನು ಒಂದೇ ಅರ್ಜಿಯಲ್ಲಿ ತುರುಕಿ ತಿಂಗಳುಗಳನ್ನು ಕಳೆದುಕೊಳ್ಳುತ್ತಾರೆ. ಕರಾರಿನಂತೆ ಪಾರ್ಕಿಂಗ್ ಕೊಡಿಸಿ ಎಂಬ ನಿರ್ದೇಶನವನ್ನು ಕೇಳಬೇಕಾದ್ದು ರೇರಾ ಪ್ರಾಧಿಕಾರವನ್ನು. ಪರಿಹಾರದ ಹಣವನ್ನು ನಿರ್ಧರಿಸುವುದು ಅಲ್ಲಿನ ನ್ಯಾಯನಿರ್ಣಯ ಅಧಿಕಾರಿ, ಅದಕ್ಕೆ ಬೇರೆಯೇ ಅರ್ಜಿ. ಈ ಗೆರೆಯನ್ನು ಸುಪ್ರೀಂ ಕೋರ್ಟ್ 2021ರ ನ್ಯೂಟೆಕ್ ಪ್ರಮೋಟರ್ಸ್ ತೀರ್ಪಿನಲ್ಲಿ ಖಚಿತಪಡಿಸಿದೆ. ರೇರಾ ಬೇಡವೆಂದರೆ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. ರೇರಾ ಇದೆ ಎಂಬ ಕಾರಣಕ್ಕೆ ಅದು ಮುಚ್ಚುವುದಿಲ್ಲ ಎಂದು 2020ರ ಇಂಪೀರಿಯಾ ಪ್ರಕರಣದಲ್ಲಿ ಅದೇ ಕೋರ್ಟ್ ಹೇಳಿತು. ಅಲ್ಲಿ ಎರಡು ವರ್ಷದ ಕಾಲಮಿತಿ ಇದೆ. ಯಾವ ಆಯೋಗ ಎಂಬುದು ಪಾರ್ಕಿಂಗಿನ ಬೆಲೆಯಿಂದಲ್ಲ, ಫ್ಲ್ಯಾಟಿಗೆ ಒಟ್ಟು ಕೊಟ್ಟ ಹಣದಿಂದ ನಿರ್ಧಾರವಾಗುತ್ತದೆ; 50 ಲಕ್ಷದವರೆಗೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ.

ಇಷ್ಟರ ನಡುವೆ ಕ್ರಯಪತ್ರದ ದಿನ ಬಂದುಬಿಡಬಹುದು. ಸಾಲದ ಕಂತು, ಮನೆ ಬಾಡಿಗೆ ಎರಡೂ ಕಟ್ಟುತ್ತಿರುವವರಿಗೆ ಮುಂದೂಡುವುದು ಸುಲಭವಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮುನ್ನ ಕ್ರಯಪತ್ರದ ಕರಡು ತರಿಸಿಕೊಂಡು ಮೂರು ಕಡೆ ನೋಡಿ: ಶೆಡ್ಯೂಲಿನಲ್ಲಿ ಯಾವ ಪಾರ್ಕಿಂಗ್ ನಂಬರು ಇದೆ, 'ಖರೀದಿದಾರರಿಗೆ ಇನ್ನಾವ ತಕರಾರೂ ಇಲ್ಲ' ಎಂಬ ಸಾಲು ಎಲ್ಲಾದರೂ ಅಡಗಿದೆಯೇ, ಸ್ವಾಧೀನ ಪತ್ರದಲ್ಲಿ 'ಎಲ್ಲವನ್ನೂ ತೃಪ್ತಿಕರವಾಗಿ ಪಡೆದಿದ್ದೇವೆ' ಎಂದಿದೆಯೇ. ತಕರಾರಿಲ್ಲ ಎಂಬ ಸಾಲನ್ನು ತೆಗೆಸಿ. ತೆಗೆಯಲು ಒಪ್ಪದಿದ್ದರೆ 'ಪಾರ್ಕಿಂಗ್ ಕುರಿತ 09-02-2026ರ ಆಕ್ಷೇಪಣೆಗೆ ಒಳಪಟ್ಟು' ಎಂದು ಸೇರಿಸಲು ಕೇಳಿ. ಅದಕ್ಕೂ ಒಪ್ಪದಿದ್ದರೆ ಸಹಿಗೆ ಮುಂಚೆಯೇ ಒಂದು ಈಮೇಲ್ ಕಳಿಸಿ, ಆಕ್ಷೇಪಣೆ ಉಳಿಸಿಕೊಂಡೇ ಸಹಿ ಮಾಡುತ್ತಿದ್ದೇವೆ ಎಂದು ದಾಖಲಿಸಿ. ಬಿಲ್ಡರ್ ಆಮೇಲೆ ಮನಸ್ಸು ಬದಲಿಸಿ ಬಿ1-47 ಕೊಡಲು ಒಪ್ಪಿದರೂ ಬಾಯಿಮಾತಿನಲ್ಲೋ ಈಮೇಲಿನಲ್ಲೋ ಅದು ಮುಗಿಯುವುದಿಲ್ಲ. ಕ್ರಯಪತ್ರ ಆಗಿಹೋಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ತಿದ್ದುಪಡಿ ಪತ್ರ ನೋಂದಾಯಿಸಬೇಕು, ಡಿಕ್ಲರೇಷನ್ ಪತ್ರದ ಪಟ್ಟಿಯಲ್ಲೂ ನಂಬರು ಬದಲಾಗಬೇಕು. ಈ ಖರ್ಚು ಯಾರದ್ದು ಎಂಬುದನ್ನೂ ರಾಜಿಯ ಈಮೇಲಿನಲ್ಲೇ ಬರೆಸಿಕೊಳ್ಳಿ.